ನವಣೆ, ಸಾಮೆ ಅನ್ನ ಉದುರಾಗಬೇಕಾ? ಕುಕ್ಕರ್‌ಗಿಂತ ದಪ್ಪ ತಳದ ಪಾತ್ರೆಯೇ ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ದಪ್ಪ ತಳದ ಸ್ಟೀಲ್ ಪಾತ್ರೆಗೆ. ಬಿಗಿಯಾಗಿ ಕೂರುವ ಮುಚ್ಚಳ ಇರುವಂಥದ್ದನ್ನು ಹುಡುಕಿ ತಂದ ಮೇಲೆ ನಮ್ಮ ಮನೆಯಲ್ಲಿ ನವಣೆ ಅನ್ನಕ್ಕೆ ಕುಕ್ಕರ್ ಇಳಿಸುವುದೇ ಇಲ್ಲ. ಅದಕ್ಕೂ ಮುಂಚೆ ಪ್ರೆಶರ್ ಕುಕ್ಕರ್, ಎಲೆಕ್ಟ್ರಿಕ್ ರೈಸ್ ಕುಕ್ಕರ್, ಗಂಜಿ ಬಸಿಯುವುದು, ಇಡ್ಲಿ ಪಾತ್ರೆಯ ಹಬೆ ಎಲ್ಲವನ್ನೂ ಮಾಡಿ ನೋಡಿದ್ದೇನೆ. ನನಗೆ ಬೇಕಾಗಿದ್ದು ಒಂದೇ. ಬೆಳಿಗ್ಗೆ ಡಬ್ಬಿಗೆ ಹಾಕಿದ ಚಿತ್ರಾನ್ನ ಮಧ್ಯಾಹ್ನ ಒಂದು ಗಂಟೆಗೂ ಕಾಳು ಕಾಳಾಗಿ ಇರಬೇಕು.

ನೆನೆಸುವ ವಿಷಯ ಎಲ್ಲ ವಿಧಾನಕ್ಕೂ ಒಂದೇ, ಅದನ್ನು ಮೊದಲು ಮುಗಿಸೋಣ. ಪಾಲಿಶ್ ಮಾಡದ ನವಣೆಯ ಮೇಲೆ ತೌಡಿನ ಪದರ ಇರುತ್ತದೆ. ನೀರು ಅದನ್ನು ದಾಟಿ ಒಳಗೆ ಹೋಗುವುದು ನಿಧಾನ. ನೆನೆಸದೆ ಬೇಯಿಸಿದರೆ ಕಾಳಿನ ಹೊರಭಾಗ ಬೆಂದು ಒಡೆಯುವ ಹೊತ್ತಿಗೂ ನಡುವೆ ಬಿಳಿ ಚುಕ್ಕೆ ಉಳಿದಿರುತ್ತದೆ. ಆ ಚುಕ್ಕೆ ಬೇಯಲಿ ಅಂತ ಇನ್ನಷ್ಟು ನೀರು ಹಾಕುತ್ತೇವೆ, ಅಷ್ಟರಲ್ಲಿ ಹೊರಗಿನದು ಗಂಜಿಯಾಗಿರುತ್ತದೆ. ಹಾಗಾಗಿ ನವಣೆಗೆ ಆರು ಗಂಟೆ ಬೇಕು, ರಾತ್ರಿ ನೆನೆಹಾಕುವುದು ಸುಲಭ. ಸಾಮೆಗೆ ಎರಡು ಮೂರು ಗಂಟೆ ಸಾಕು. ನೆಂದಿದೆಯಾ ಅಂತ ತಿಳಿಯಲು ಒಂದು ಕಾಳನ್ನು ಎರಡು ಉಗುರಿನ ನಡುವೆ ಒತ್ತಿ ನೋಡಿ. ಪುಡಿಯಾದರೆ ಸರಿ. ಕಟಕ್ ಅಂತ ಮುರಿದರೆ ಇನ್ನೂ ಹೊತ್ತು ಬೇಕು. ಬೇಸಿಗೆಯಲ್ಲಿ ಮಾತ್ರ ರಾತ್ರಿಯಿಡೀ ಹೊರಗೆ ಬಿಡಬೇಡಿ, ನೀರು ಹುಳಿ ವಾಸನೆ ಬರುತ್ತದೆ. ಫ್ರಿಜ್ಜಿನಲ್ಲಿಡಿ.

ಇನ್ನು ಅಳತೆ. "ಒಂದಕ್ಕೆ ಎರಡು ನೀರು" ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಣ ಕಾಳಿಗೋ ನೆಂದ ಕಾಳಿಗೋ ಅಂತ ಯಾರೂ ಹೇಳುವುದಿಲ್ಲ. ನೆಂದ ಕಾಳು ಉಬ್ಬಿರುತ್ತದೆ. ಅದನ್ನು ಲೋಟದಲ್ಲಿ ಅಳೆದು ಎರಡರಷ್ಟು ನೀರು ಹಾಕಿದರೆ ನೀರು ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಕಾಳು ಒಂದಷ್ಟು ನೀರನ್ನು ಆಗಲೇ ಕುಡಿದಿದೆ. ಜೊತೆಗೆ ಕಾಳುಗಳ ಸಂದಿಯಲ್ಲಿ ನಿಂತ ನೀರೂ ಲೆಕ್ಕಕ್ಕೆ ಬರುತ್ತದೆ. ಕೈ ಅಡ್ಡ ಹಿಡಿದು ನೀರು ಬಗ್ಗಿಸಿದರೆ ಅದು ಹೋಗುವುದಿಲ್ಲ. ಸಣ್ಣ ಕಣ್ಣಿನ ಜಾಲರಿಗೆ ಸುರಿದು ಹತ್ತು ನಿಮಿಷ ಬಿಡಬೇಕು. ಕೆಳಗೆ ತೊಟ್ಟಿಕ್ಕುವುದು ನಿಂತ ಮೇಲೆ ಒಲೆಗೆ. ಈ ಲೇಖನದಲ್ಲಿ ನಾನು ಕೊಡುವ ಅಳತೆ ಎಲ್ಲ ಒಣ ಕಾಳಿನ ಲೆಕ್ಕ, ಬಸಿದ ಮೇಲೆ ಹಾಕುವ ನೀರು.

ಈಗ ಕುಕ್ಕರ್. ಬಹಳ ಮನೆಗಳಲ್ಲಿ ಸಿರಿಧಾನ್ಯ ಬಿಟ್ಟುಬಿಡಲು ಕುಕ್ಕರೇ ಕಾರಣ ಅಂತ ನನಗನ್ನಿಸುತ್ತದೆ. ಅಕ್ಕಿಗೆ ಮಾಡಿದ ಹಾಗೆಯೇ ಮೂರು ಸೀಟಿ ಕೂಗಿಸುತ್ತಾರೆ, ಮುಚ್ಚಳ ತೆಗೆದರೆ ತಳದಲ್ಲಿ ಅಂಟು ಮುದ್ದೆ, ಮೇಲೆ ಒಂದು ಪದರ ತೆಳು ಗಂಜಿ. ಮುಂದಿನ ಸಲ ನೀರು ಕಡಿಮೆ ಮಾಡುತ್ತಾರೆ, ಆಗ ತಳ ಮುದ್ದೆ, ಮೇಲಿನದು ಗಟ್ಟಿ. ನೀರಿನ ಅಳತೆಯೊಂದನ್ನೇ ತಿದ್ದುತ್ತಾ ಹೋದರೆ ಇದು ಸರಿಹೋಗುವುದಿಲ್ಲ. ತೊಂದರೆ ಇರುವುದು ಹೊತ್ತಿನಲ್ಲಿ.

ನೆಂದ ನವಣೆ ಬರೀ ಕುದಿಯುವ ನೀರಿನಲ್ಲೇ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುತ್ತದೆ. ಕುಕ್ಕರ್ ಒಳಗೆ ಒತ್ತಡ ಏರಿದಾಗ ಬಿಸಿ ಸುಮಾರು 120 ಡಿಗ್ರಿ ಇರುತ್ತದೆ, ಅಲ್ಲಿ ಇನ್ನೂ ಬೇಗ. ಮೊದಲ ಸೀಟಿ ಬರುವ ಹೊತ್ತಿಗೆ ಕಾಳು ಹೆಚ್ಚುಕಡಿಮೆ ಬೆಂದಾಗಿದೆ. ಆಮೇಲೆ ಒಲೆ ಆರಿಸಿ ಪ್ರೆಶರ್ ತಾನಾಗಿ ಇಳಿಯಲಿ ಅಂತ ಕಾಯುತ್ತೇವಲ್ಲ, ಆ ಹತ್ತು ಹದಿನೈದು ನಿಮಿಷವೂ ಒಳಗೆ ಬಿಸಿ 100 ಡಿಗ್ರಿಗಿಂತ ಮೇಲೇ ಇರುತ್ತದೆ. ಕಾಳು ಒಡೆದು ಒಳಗಿನ ಗಂಜಿ ಹೊರಬರುವುದು ಈ ಕಾಯುವ ಹೊತ್ತಿನಲ್ಲಿ. ದಪ್ಪ ಅಕ್ಕಿ ಇದನ್ನು ತಡೆದುಕೊಳ್ಳುತ್ತದೆ. ಸಾಸಿವೆಗಿಂತ ತುಸು ದೊಡ್ಡದಿರುವ ನವಣೆ ತಡೆಯುವುದಿಲ್ಲ, ಸಾಮೆಯಂತೂ ಇಲ್ಲವೇ ಇಲ್ಲ.

ಹಾಗಾದರೆ ಸೀಟಿ ಎತ್ತಿ ಪ್ರೆಶರ್ ಬಿಟ್ಟರಾಯಿತು ಅಲ್ವಾ? ಅಲ್ಲೂ ತೊಡಕಿದೆ. ಒತ್ತಡ ಥಟ್ಟನೆ ಇಳಿದರೆ ಒಳಗಿನ ನೀರು ಮತ್ತೆ ಜೋರಾಗಿ ಕುದಿಯುತ್ತದೆ, ನೊರೆಗಂಜಿ ಸೀಟಿಯ ತೂತಿನಿಂದ ಚಿಮ್ಮುತ್ತದೆ. ಕಾಳು ಸಣ್ಣದಾದ್ದರಿಂದ ನೊರೆಯ ಜೊತೆ ಅದೂ ಮೇಲೆ ಬಂದು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೂತು ಮುಚ್ಚಿಕೊಂಡ ಕುಕ್ಕರ್ ಅಪಾಯ. ಹಾಗಾಗಿ ಕುಕ್ಕರಿನ ತಳಕ್ಕೇ ನವಣೆ ಸುರಿಯಬೇಡಿ. ಕುಕ್ಕರೇ ಬೇಕು ಅನ್ನುವವರು ಕೆಳಗೆ ನೀರಿಟ್ಟು ಒಳಗೆ ಬೇರೆ ಪಾತ್ರೆ ಇಡಿ. ಒಂದು ಲೋಟ ನವಣೆಗೆ ಒಂದೂವರೆ ಲೋಟ ನೀರು, ಒಂದು ಚಮಚ ಎಣ್ಣೆ. ಒಂದೇ ಸೀಟಿ. ಒಲೆ ಆರಿಸಿ ಐದು ನಿಮಿಷ ಬಿಟ್ಟು, ಉದ್ದ ಚಮಚದಿಂದ ಸೀಟಿಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ. ತಿನ್ನುವ ಹಾಗೆ ಆಗುತ್ತದೆ, ಆದರೆ ಪ್ರತಿಸಲ ಒಂದೇ ಥರ ಆಗುತ್ತದೆ ಅನ್ನಲಾರೆ. ಒಳಗೇನಾಗುತ್ತಿದೆ ಅಂತ ಕಾಣುವುದೇ ಇಲ್ಲವಲ್ಲ.

ಪಾತ್ರೆಯಲ್ಲಿ ಅದು ಕಾಣುತ್ತದೆ. ನಾನು ಅದನ್ನು ಇಷ್ಟಪಡಲು ಇದೇ ಮುಖ್ಯ ಕಾರಣ. ನಮ್ಮ ಮನೆಯ ಕ್ರಮ ಹೀಗಿದೆ. ಒಂದು ಲೋಟ ನವಣೆ, ಇಬ್ಬರ ಡಬ್ಬಿಗೆ ಸಾಕು. ರಾತ್ರಿ ನಾಲ್ಕೈದು ನೀರಿನಲ್ಲಿ ತೊಳೆದು, ಕಲ್ಲು ಗಾಳಿಸಿ, ನೆನೆಹಾಕುವುದು. ಬೆಳಿಗ್ಗೆ ಜಾಲರಿಯಲ್ಲಿ ಬಸಿಯಲು ಬಿಟ್ಟು, ಅಷ್ಟರಲ್ಲಿ ಎರಡು ಲೋಟ ನೀರನ್ನು ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸುವುದು. ನೀರು ಮರಳುವಾಗಲೇ ಕಾಳು ಹಾಕಬೇಕು. ತಣ್ಣೀರಲ್ಲಿ ಹಾಕಿ ಒಲೆ ಹಚ್ಚಿದರೆ ನೀರು ಕಾಯುವಷ್ಟು ಹೊತ್ತೂ ಕಾಳು ತಳದಲ್ಲಿ ಕೂತು ಅಂಟಿಕೊಳ್ಳುತ್ತದೆ. ಹಾಕಿದ ಮೇಲೆ ಒಂದೇ ಸಲ ತಿರುವಿ, ಮುಚ್ಚದೆ, ಮಧ್ಯಮ ಉರಿಯಲ್ಲಿ ಬಿಡಿ.

ಐದಾರು ನಿಮಿಷಕ್ಕೆ ನೀರು ಕಾಳಿನ ಮಟ್ಟಕ್ಕೆ ಇಳಿಯುತ್ತದೆ. ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಪ್ರತಿ ಗುಳಿಯಿಂದ ಹಬೆ ಬರುತ್ತದೆ. ಗುಳಿ ಕಂಡ ತಕ್ಷಣ ಮುಚ್ಚಳ ಹಾಕಿ, ಉರಿಯನ್ನು ಎಷ್ಟು ಸಣ್ಣದಾಗುತ್ತದೋ ಅಷ್ಟು ಸಣ್ಣ ಮಾಡಿ ಏಳೆಂಟು ನಿಮಿಷ. ಇಲ್ಲಿಂದ ಮುಂದೆ ಚಮಚ ಹಾಕಬಾರದು. ತಿರುವಿದರೆ ಕಾಳು ಒಡೆದು ಗಂಜಿ ಬಿಡುತ್ತದೆ. ಆಮೇಲೆ ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಯೇ ಇಡಿ. ಈ ಹತ್ತು ನಿಮಿಷ ಬಿಟ್ಟುಬಿಡುವವರೇ ಜಾಸ್ತಿ. ಒಲೆಯಿಂದ ಇಳಿಸಿದಾಗ ತಳ ಒದ್ದೆ, ಮೇಲೆ ಒಣಗಿರುತ್ತದೆ. ಮುಚ್ಚಿಟ್ಟರೆ ಹಬೆ ಎಲ್ಲ ಕಡೆ ಹರಡಿ ಎರಡೂ ಸಮ ಆಗುತ್ತದೆ. ಕೊನೆಗೆ ಫೋರ್ಕಿನಿಂದ ಅಂಚಿನಿಂದ ಬಿಡಿಸಿ, ಅಗಲ ತಟ್ಟೆಗೆ ಹರವಿ. ಚಿತ್ರಾನ್ನಕ್ಕಾದರೆ ಪೂರ್ತಿ ಆರಿದ ಮೇಲೆಯೇ ಒಗ್ಗರಣೆಗೆ ಸೇರಿಸಿ.

ಸಾಮೆಗೆ ಇದೇ ಕ್ರಮ, ನೀರು ಮಾತ್ರ ಒಂದೂ ಮುಕ್ಕಾಲು ಲೋಟ, ಮುಚ್ಚಿದ ಮೇಲೆ ಐದು ನಿಮಿಷ. ಸಾಮೆ ಮೆತ್ತಗಿನ ಕಾಳು, ಒಂದೆರಡು ನಿಮಿಷ ಹೆಚ್ಚಾದರೂ ಮುದ್ದೆಯ ದಾರಿ ಹಿಡಿಯುತ್ತದೆ. ಹೊಸದಾಗಿ ಶುರುಮಾಡುವವರು ನವಣೆಯಿಂದ ಶುರುಮಾಡಿ.

ನೆಂಟರು ಬಂದಾಗ ಮೂರು ಲೋಟ ಇಟ್ಟರೆ ನೀರು ಆರು ಲೋಟ ಅಲ್ಲ, ಐದು ಸಾಕು. ಕಾಳು ಕುಡಿಯುವ ನೀರು ಕಾಳಿನಷ್ಟೇ ಏರುತ್ತದೆ. ಹಬೆಯಾಗಿ ಹೋಗುವ ನೀರು ಹಾಗಲ್ಲ, ಅದು ಪಾತ್ರೆಯ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ತೆರೆದಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಇದೇ ಕಾರಣಕ್ಕೆ ಅಗಲ ಬಾಣಲೆಯಲ್ಲಿ ಮಾಡುವವರಿಗೆ ನನ್ನ ಅಳತೆ ಸ್ವಲ್ಪ ಕಡಿಮೆ ಬೀಳಬಹುದು. ಗುಳಿ ಬಿದ್ದಾಗ ಒಂದು ಕಾಳು ಬಾಯಿಗೆ ಹಾಕಿ ನೋಡಿ. ನಡುವೆ ಗಟ್ಟಿ ಇದ್ದರೆ ಕಾಲು ಲೋಟ ಕುದಿಯುವ ನೀರು ಚಿಮುಕಿಸಿ ಮುಚ್ಚಿ.

ಉಳಿದ ವಿಧಾನಗಳು. ಎಲೆಕ್ಟ್ರಿಕ್ ಕುಕ್ಕರ್ ನೀರು ಆರಿ ತಳದ ಬಿಸಿ ಏರಿದಾಗ ತಾನೇ ಆರುತ್ತದೆ, ಅದು ಅನುಕೂಲ. ಆದರೆ ಒಂದೇ ಲೋಟ ಹಾಕಿದರೆ ತಳದಲ್ಲಿ ಚಕ್ಕೆ ಕಟ್ಟುತ್ತದೆ. ಎರಡು ಲೋಟದ ಮೇಲಾದರೆ ಚೆನ್ನಾಗಿ ಬರುತ್ತದೆ. ಹಬೆಯಲ್ಲಿ ಬೇಯಿಸಿದ್ದು ಉದುರಾಗಿತ್ತು, ತಿನ್ನಲು ಒಣಕಲು. ಗಂಜಿ ಬಸಿಯುವುದು ಮಾತ್ರ ನಿಜವಾದ ಪೈಪೋಟಿ. ಧಾರಾಳ ನೀರಿನಲ್ಲಿ ಏಳೆಂಟು ನಿಮಿಷ ಕುದಿಸಿ ಬಸಿದರೆ ಅಳತೆಯ ತಲೆನೋವೇ ಇಲ್ಲ, ಕಾಳೂ ಬಿಡಿಬಿಡಿ. ಆದರೆ ಅನ್ನ ಬಸಿಯುವ ತೂತಿನ ತಟ್ಟೆಯಲ್ಲಿ ಸಾಮೆ ನಿಲ್ಲುವುದಿಲ್ಲ, ಬಟ್ಟೆ ಕಟ್ಟಬೇಕು. ಬೆಳಗಿನ ಅವಸರದಲ್ಲಿ ಬಿಸಿ ಗಂಜಿ ಬಟ್ಟೆಯ ಜೊತೆ ಒದ್ದಾಡುವುದು ನನ್ನ ಕೈಲಾಗದು. ರುಚಿಯೂ ಒಂದಿಷ್ಟು ಗಂಜಿಯ ಜೊತೆ ಹೋಗುತ್ತದೆ. ಆ ಗಂಜಿಗೆ ಮಜ್ಜಿಗೆ, ಉಪ್ಪು ಬೆರೆಸಿ ಕುಡಿಯುವವರಿದ್ದರೆ ಆ ಮಾತು ಬೇರೆ.

ಒಂದು ಸಲ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಸಾಮೆ ಯಾವ ಪಾತ್ರೆಯಲ್ಲೂ ಉದುರಾಗಲಿಲ್ಲ. ಅಂಗೈ ಮೇಲೆ ಹರವಿ ನೋಡಿದರೆ ಕಾಲುಭಾಗ ನುಚ್ಚು. ಹೊಟ್ಟು ತೆಗೆಯುವಾಗ ಮುರಿದ ಕಾಳು ಕುದಿ ಬಂದ ಕೂಡಲೇ ಗಂಜಿ ಬಿಟ್ಟು, ಇಡೀ ಕಾಳುಗಳನ್ನೂ ಅಂಟಿಸಿಬಿಡುತ್ತದೆ. ಅದನ್ನು ಪೊಂಗಲ್‌ಗೆ, ಉಪ್ಪಿಟ್ಟಿಗೆ ಖರ್ಚು ಮಾಡಿದೆ. ಈಗ ಪೊಟ್ಟಣದ ತಳ ನೋಡಿಯೇ ಕೊಳ್ಳುತ್ತೇನೆ, ನುಚ್ಚು ಅಲ್ಲೇ ಇಳಿದಿರುತ್ತದೆ. ಪಾಲಿಶ್ ಮಾಡದ್ದು ಬೇಗ ಕಮಟು ವಾಸನೆ ಹಿಡಿಯುವುದರಿಂದ ಒಂದು ಕೆ.ಜಿ.ಗಿಂತ ಹೆಚ್ಚು ತರುವುದೂ ಇಲ್ಲ.

ಕುಕ್ಕರ್ ಗೆಲ್ಲುವುದು ಮೊಸರನ್ನಕ್ಕೆ, ಬಿಸಿಬೇಳೆಬಾತಿಗೆ. ಅಲ್ಲಿ ಕಾಳು ಕರಗಿದಷ್ಟೂ ಒಳ್ಳೆಯದು, ಮೂರು ಲೋಟ ನೀರು ಹಾಕಿ ಮೂರು ಸೀಟಿ ಕೂಗಿಸಿ. ಉದುರಾದ ನವಣೆ ಆರಿದಾಗ ಬಿರುಸಾಗುತ್ತದೆ, ಮೊಸರು ಕಲಸಿದರೆ ಬಾಯಲ್ಲಿ ಕಾಳು ಕಾಳು ಸಿಗುತ್ತದೆ. ದಿನಾ ಮೊಸರನ್ನ ಒಯ್ಯುವವರು ಹೊಸ ಪಾತ್ರೆಗೆ ದುಡ್ಡು ಹಾಕಬೇಕಿಲ್ಲ. ಚಿತ್ರಾನ್ನ, ಪುಳಿಯೋಗರೆ, ಪಲಾವ್ ಒಯ್ಯುವವರು ಮೊದಲು ಮನೆಯಲ್ಲಿರುವ ದಪ್ಪ ತಳದ ಪಾಯಸದ ಪಾತ್ರೆಯಲ್ಲೇ ಮಾಡಿ ನೋಡಿ. ಮುಚ್ಚಳ ಸಡಿಲ ಇದ್ದರೆ ಮೇಲೊಂದು ಭಾರದ ತಟ್ಟೆ ಇಟ್ಟರೆ ಆಯಿತು.