ಕಾರ್ಡಿನಿಂದ ಲ್ಯಾಪ್‌ಟಾಪಿಗೆ: ಮೂರು ಯಂತ್ರಗಳ ಹೋಲಿಕೆ

ಮದುವೆಗಳ ಛಾಯಾಗ್ರಹಣ ಮಾಡುವವರು ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರೊಸೆಸರಿಗಿಂತ ಮೊದಲು ಕಾರ್ಡ್ ಸ್ಲಾಟನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. 33 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕುಗ್ಗಿಸದೆ ಉಳಿಸಿದ ರಾ ಫೈಲ್ ಸುಮಾರು 70 ಎಂಬಿ ಇರುವುದರಿಂದ, 64 ಜಿಬಿ ಕಾರ್ಡು ಒಂಬೈನೂರು ಚಿತ್ರಗಳಿಗೇ ತುಂಬಿಬಿಡುತ್ತದೆ. ಅಂಥ ಒಂದು ಯುಎಚ್‌ಎಸ್-2 ಕಾರ್ಡನ್ನು 14 ಇಂಚಿನ ಮ್ಯಾಕ್‌ಬುಕ್ ಪ್ರೊ, ಮ್ಯಾಕ್‌ಬುಕ್ ಏರ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಒಂದು ವಿಂಡೋಸ್ ಲ್ಯಾಪ್‌ಟಾಪ್, ಈ ಮೂರರಲ್ಲೂ ಬಳಸಿ ನೋಡಿದೆ.

ಪ್ರೊದ ಸ್ಲಾಟ್ ಯುಎಚ್‌ಎಸ್-2 ಆಗಿರುವುದರಿಂದ ಸೆಕೆಂಡಿಗೆ 250 ಎಂಬಿಯ ಆಸುಪಾಸಿನಲ್ಲಿ ಓದಿ, ನಾಲ್ಕೈದು ನಿಮಿಷಗಳಲ್ಲಿ ಕಾರ್ಡನ್ನು ಖಾಲಿ ಮಾಡಿತು. ಏರ್‌ನಲ್ಲಿ ಸ್ಲಾಟೇ ಇಲ್ಲ. ಆದರೂ ಟೈಪ್-ಸಿ ಪೋರ್ಟಿಗೆ ಒಳ್ಳೆಯ ಕಾರ್ಡ್ ರೀಡರ್ ಜೋಡಿಸಿದಾಗ ಹೆಚ್ಚುಕಡಿಮೆ ಅದೇ ವೇಗ ದೊರೆಯಿತು. ಅಚ್ಚರಿಯೆಂದರೆ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯ ಸ್ಲಾಟಿದ್ದ ವಿಂಡೋಸ್ ಯಂತ್ರ 90 ಎಂಬಿಯ ಬಳಿಯೇ ನಿಂತು, ಹನ್ನೆರಡು ನಿಮಿಷ ತೆಗೆದುಕೊಂಡಿತು. ಯುಎಚ್‌ಎಸ್-2 ಕಾರ್ಡಿನ ಹಿಂಬದಿಯಲ್ಲಿರುವ ಎರಡನೆಯ ಸಾಲಿನ ಪಿನ್‌ಗಳ ಜಾಗವನ್ನು ಎಸ್‌ಡಿ ಎಕ್ಸ್‌ಪ್ರೆಸ್ ಬೇರೆಯೇ ಸಂಪರ್ಕಕ್ಕೆ ಬಳಸುತ್ತದೆ. ಹೀಗಾಗಿ ನಮ್ಮ ಕಾರ್ಡು ಮೊದಲ ಸಾಲನ್ನಷ್ಟೇ ನೆಚ್ಚಿಕೊಂಡು ಯುಎಚ್‌ಎಸ್-1ರ ವೇಗಕ್ಕೆ ಇಳಿಯುತ್ತದೆ. ಹೆಸರು ಹೊಸದಾದಷ್ಟೂ ವೇಗ ಹೆಚ್ಚೆಂದು ಅಂಗಡಿಯವರು ಹೇಳಿದರೆ ನಂಬಬೇಕಾಗಿಲ್ಲ. ಸ್ವಂತ ಕಾರ್ಡನ್ನು ಒಯ್ದು ಒಂದೆರಡು ಜಿಬಿ ಫೈಲುಗಳನ್ನು ಅಲ್ಲಿಯೇ ನಕಲಿಸಿ ನೋಡಿ: ವೇಗ 40 ಎಂಬಿ ದಾಟದಿದ್ದರೆ ಸ್ಲಾಟನ್ನು ಒಳಗೆ ಹಳೆಯ ಯುಎಸ್‌ಬಿ 2ಕ್ಕೆ ಜೋಡಿಸಿರುವ ಸಾಧ್ಯತೆಯೇ ಹೆಚ್ಚು.

ಎಡಿಟಿಂಗ್‌ಗೆ ಬಂದರೆ ಲೆಕ್ಕ ಬದಲಾಗುತ್ತದೆ. ಮಂದ ಬೆಳಕಿನ ಆರತಕ್ಷತೆಯ ಚಿತ್ರಗಳಿಗೆ ಲೈಟ್‌ರೂಮಿನ ಡಿನಾಯ್ಸ್ ಬಳಸಿದಾಗ ವಿಂಡೋಸ್ ಯಂತ್ರವೇ ಎಲ್ಲಕ್ಕಿಂತ ಮುಂದಿತ್ತು, ಏಕೆಂದರೆ ಆ ಕೆಲಸದ ಭಾರ ಬೀಳುವುದು ಗ್ರಾಫಿಕ್ಸ್ ಚಿಪ್ ಮೇಲೆ. ಚಾರ್ಜರ್ ತೆಗೆದೊಡನೆ ಮಾತ್ರ ಆ ಮುನ್ನಡೆ ಕರಗಿತು. ಏರ್‌ನಲ್ಲಿ ಫ್ಯಾನ್ ಇಲ್ಲದ ಕಾರಣ, ಚಿತ್ರ ಒಂದೊಂದನ್ನೇ ತಿದ್ದುವಾಗ ಯಾವ ಕೊರತೆಯೂ ಕಾಣದಿದ್ದರೂ, ನೂರಾರು ಜೆಪೆಗ್‌ಗಳನ್ನು ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡುವಾಗ ಕೆಲ ನಿಮಿಷಗಳ ಬಳಿಕ ಯಂತ್ರ ಬಿಸಿಯಾಗಿ ವೇಗ ಕುಗ್ಗಿತು. ಪ್ರೊ ಕೊನೆಯವರೆಗೂ ಒಂದೇ ಗತಿಯಲ್ಲಿ ಸಾಗಿತು.

ಮ್ಯಾಕ್‌ಗಳಲ್ಲಿ ರ‍್ಯಾಮನ್ನು ಆಮೇಲೆ ಹೆಚ್ಚಿಸಲಾಗದು. ಲೈಟ್‌ರೂಮ್ ಜೊತೆಗೆ ಫೋಟೋಶಾಪನ್ನೂ ತೆರೆದಿಡುವವರು 16 ಜಿಬಿಗೆ ತೃಪ್ತರಾಗದೆ, ಸ್ಟೋರೇಜ್ ಕಡಿಮೆ ಇರುವ ಮಾದರಿಯನ್ನಾದರೂ ಆರಿಸಿ ಹೆಚ್ಚಿನ ರ‍್ಯಾಮ್ ಪಡೆಯುವುದು ಮೇಲು. ಸ್ಟೋರೇಜ್ ಕೊರತೆಯನ್ನು ಹೊರಗಿನ ಎಸ್‌ಎಸ್‌ಡಿ ತುಂಬೀತು.

ಸಮಾರಂಭದ ಸ್ಥಳದಲ್ಲಿಯೇ ಕಾರ್ಡುಗಳನ್ನು ಇಳಿಸಿಕೊಳ್ಳಬೇಕಾದವರಿಗೆ ಬೆಲೆ ಹೆಚ್ಚಾದರೂ ನಾನು ಪ್ರೊವನ್ನೇ ಹೇಳುತ್ತೇನೆ. ಪಕ್ಷಿ, ನಿಸರ್ಗವೆಂದು ಆಯ್ದ ಕೆಲವೇ ಚಿತ್ರಗಳನ್ನು ತಿದ್ದುವವರಿಗೆ ಏರ್ ಮತ್ತು ರೀಡರ್ ಸಾಕು. ಸ್ಟುಡಿಯೋದಲ್ಲಿ ಚಾರ್ಜರ್ ಹಾಕಿಕೊಂಡೇ ಕೂರುವವರು ವಿಂಡೋಸ್ ಯಂತ್ರವನ್ನು ಕೊಂಡು, ಅದರ ಸ್ಲಾಟನ್ನು ಮರೆತು, 10 ಜಿಬಿಪಿಎಸ್ ಯುಎಸ್‌ಬಿ ಪೋರ್ಟಿಗೆ ಯುಎಚ್‌ಎಸ್-2 ರೀಡರ್ ಜೋಡಿಸಿಕೊಳ್ಳಲಿ.