ಅಪ್ಪ-ಅಮ್ಮನ 50ನೇ ಮದುವೆ ವಾರ್ಷಿಕೋತ್ಸವದ ವಿಡಿಯೋ: ನಾನು ಮೋಸ ಹೋದ ಕಥೆ, ನೀವು ಹೋಗಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ, ಆದರೂ ಬರೀತಿದೀನಿ. ಯಾಕಂದ್ರೆ ಇದೇ ಜನ ಮುಂದಿನ ತಿಂಗಳು ಇನ್ಯಾರಿಗೋ ಇದನ್ನೇ ಮಾಡ್ತಾರೆ.

ಅಪ್ಪ-ಅಮ್ಮನ ಮದುವೆ ಆಗಿದ್ದು 1975ರ ಮೇ ತಿಂಗಳಲ್ಲಿ, ತಿಪಟೂರಲ್ಲಿ. ಐವತ್ತು ತುಂಬೋ ದಿನ ಅಲ್ಲೇ ಒಂದು ಸಣ್ಣ ಹಾಲ್‌ನಲ್ಲಿ ಊಟ ಇಟ್ಟುಕೊಂಡು, ಮಕ್ಕಳು ಮೊಮ್ಮಕ್ಕಳೆಲ್ಲ ಮಾತಾಡಿರೋ ವಿಡಿಯೋ ಗುಟ್ಟಾಗಿ ಮಾಡಿಸಿ ತೋರಿಸೋಣ ಅಂತ ನಾನೇ ಹೇಳಿದ್ದು. ನಾನೇ. ಅಣ್ಣ ಬೆಂಗಳೂರಲ್ಲಿ, ತಮ್ಮ ಅಮೆರಿಕದಲ್ಲಿ, ಮೈಸೂರಲ್ಲಿರೋ ನಾನು ಇದನ್ನೆಲ್ಲ ಓಡಾಡಿ ಮಾಡಿಸ್ತೀನಿ ಅಂತ ಜಂಬ ಬೇರೆ.

ಸಿಕ್ಕಿದ ಪಾರ್ಟಿಯವನು ಹೇಳಿದ ಮಾತು ಇದು: "ಮೇಡಂ, ನೀವು ಬರೀ ಕ್ಲಿಪ್ ಕಳಿಸಿ. ಎಲ್ಲಾರ ಮಾತೂ ಕೂತು ಕೇಳಿ, ಯಾವುದು ಎಲ್ಲಿ ಬರಬೇಕು ಅಂತ ನಾವೇ ಸ್ಕ್ರಿಪ್ಟ್ ಕಟ್ಟಿ ಕೊಡ್ತೀವಿ. ಕಥೆ ಥರ ಇರುತ್ತೆ." ಆ "ಕೂತು ಕೇಳಿ" ಅನ್ನೋ ಮಾತಿಗೇ ನಾನು ಬಿದ್ದಿದ್ದು. ಒಟ್ಟು 6,500, ಅದರಲ್ಲಿ 4,000 ಮುಂಗಡ. ಕ್ಲಿಪ್ ಅಂಟಿಸೋದನ್ನ ನನ್ನ ಮಗಳೂ ಫೋನಲ್ಲಿ ಮಾಡ್ತಾಳೆ. ನಾನು ದುಡ್ಡು ಕೊಟ್ಟಿದ್ದು ಕೇಳಿ ಆರಿಸೋ ಕೆಲಸಕ್ಕೆ.

11 ಕ್ಲಿಪ್ ಸೇರಿಸಿದೆ. ಒಟ್ಟು 47 ನಿಮಿಷ. ಎಷ್ಟು ಜನರ ಹಿಂದೆ ಬಿದ್ದಿದ್ದೆ ಅಂತ ನನಗೇ ಗೊತ್ತು. ಕೆಲವು ವಾಟ್ಸಾಪ್‌ನಲ್ಲೇ ಮಾಮೂಲಿ ವಿಡಿಯೋ ಥರ ಕಳಿಸಿಬಿಟ್ಟೆ, ಅದು ಕುಗ್ಗಿ ಮಸುಕಾಗುತ್ತೆ, ಡಾಕ್ಯುಮೆಂಟ್ ಅಂತ ಹಾಕಬೇಕಿತ್ತು. ಅದು ನನ್ನ ತಪ್ಪು, ಒಪ್ಪಿಕೊಳ್ತೀನಿ. ಆದರೆ ಉಳಿದಿದ್ದು ನನ್ನ ತಪ್ಪಲ್ಲ.

ಮೂರು ದಿನ ಮುಂಚೆ ಸ್ಕ್ರಿಪ್ಟ್ ಅಂತ ಎರಡು ಪುಟ ಬಂತು. "ಏಳುಬೀಳುಗಳ ಹಾದಿಯಲ್ಲಿ ಕೈಹಿಡಿದು ಸಾಗಿದ ಆದರ್ಶ ದಂಪತಿ" ಅಂತೆಲ್ಲ ಹಿನ್ನೆಲೆ ದನಿಯಲ್ಲಿ ಓದೋ ಸಾಲುಗಳು. ನಡುನಡುವೆ "ಮಗ 1, 00:00–00:15", "ಮೊಮ್ಮಗಳು 2, 00:00–00:15" ಅಂತ. ನೋಡಿದೆ. ನೋಡಿ "ಚೆನ್ನಾಗಿದೆ ಸರ್" ಅಂತ ಕಳಿಸಿದೆ! ಹನ್ನೊಂದು ಜನರದ್ದೂ 00:00ರಿಂದಲೇ ಯಾಕೆ ಶುರುವಾಗುತ್ತೆ ಅಂತ ನನ್ನ ತಲೆಗೆ ಹೊಳೀಲೇ ಇಲ್ಲ. ಇವತ್ತಿಗೂ ಆ ಮೆಸೇಜ್ ನೋಡಿದ್ರೆ ಮೈ ಉರಿಯುತ್ತೆ.

ಫೋನಿನ ಮುಂದೆ ಕೂತ ಯಾರೂ ಮೊದಲ ಸೆಕೆಂಡಿಗೇ ಮನಸ್ಸಿನ ಮಾತು ಹೇಳಲ್ಲ. ಮೊದಲು "ನಮಸ್ಕಾರ, ಹ್ಯಾಪಿ ಆನಿವರ್ಸರಿ", ಆಮೇಲೆ ಕೆಮ್ಮು, ಆಮೇಲೆ "ಏನು ಹೇಳೋದು ಅಂತ ಗೊತ್ತಾಗ್ತಿಲ್ಲ". ನಿಜವಾದ ಮಾತು ಬರೋದು ಒಂದು ನಿಮಿಷ ದಾಟಿದ ಮೇಲೆ. ಎಲ್ಲಾ ಕ್ಲಿಪ್‌ನ ಮೊದಲ ಹದಿನೈದು ಸೆಕೆಂಡ್ ಕತ್ತರಿಸಿಕೊಂಡರೆ ಸಿಗೋದು ಹನ್ನೊಂದು ನಮಸ್ಕಾರ.

ಪೂರ್ತಿ ವಿಡಿಯೋ ಕೊಡಿ, ಮುಂಚೆ ನೋಡ್ಬೇಕು ಅಂತ ಎರಡು ದಿನ ಗೋಗರೆದೆ. "ಎಕ್ಸ್‌ಪೋರ್ಟ್ ಆಗ್ತಿದೆ ಮೇಡಂ." ಸಮಾರಂಭದ ದಿನ ಬೆಳಗ್ಗೆ 10:40ಕ್ಕೆ "ಬ್ಯಾಲೆನ್ಸ್ ಹಾಕಿ, ಲಿಂಕ್ ಕಳಿಸ್ತೀನಿ." 11ಕ್ಕೆ ಕಾರ್ಯಕ್ರಮ. ಹಾಕಿದೆ.

ಹಾಲ್‌ನಲ್ಲಿ ಸುಮಾರು ಎಪ್ಪತ್ತು ಜನ. ಲೈಟ್ ಆರಿಸಿದ್ವಿ. ಅಣ್ಣ ಬಂದ, "ಅಪ್ಪಾ, ಅಮ್ಮಾ, ನಮಸ್ಕಾರ" ಅಂದ, ಹೋದ. ಅವನ ಕ್ಲಿಪ್‌ನಲ್ಲಿ ಅಪ್ಪನ ಹಳೇ ಜೋಕ್ ಇತ್ತು: "ದೇಶಕ್ಕೆ ಎಮರ್ಜೆನ್ಸಿ ಬಂದಿದ್ದು ಜೂನ್ 25ಕ್ಕೆ, ನಮ್ಮನೇಲಿ ಮೇ ತಿಂಗಳಲ್ಲೇ ಬಂದಿತ್ತು." ಅದಿಲ್ಲ. ನನ್ನ ಮಗಳು ಬಂದಳು, ನಮಸ್ಕಾರ, ಹೋದಳು. ತಮ್ಮನ ಮಗ ಹತ್ತು ವರ್ಷದವನು, ಅಮೆರಿಕದಲ್ಲೇ ಹುಟ್ಟಿದ್ದು. ಮೂರು ವಾರ ಕನ್ನಡ ಉರು ಹೊಡೆದಿದ್ದ. ಪರದೆ ಮೇಲೆ ಬಂದು, "ತಾತ, ಅಜ್ಜಿ, ನಾನು ಕನ್ನಡದಲ್ಲೇ ಹೇಳ್ತೀನಿ. ತಪ್ಪಾದ್ರೆ ನಗ್ಬೇಡಿ. ಅಜ್ಜಿ ನಂಗೆ..." ಅಷ್ಟೇ. ಕಟ್. ಮುಂದಿನವರ ನಮಸ್ಕಾರ.

ಅಮ್ಮ ನನ್ನ ಕಡೆ ತಿರುಗಿ "ಏನಂತೆ ಅವನು? ಅಜ್ಜಿ ಏನಂತೆ?" ಅಂದ್ರು. ನಾನು ಏನು ಹೇಳ್ಲಿ?

ಅಷ್ಟರಲ್ಲಿ ಆ ಗಡಸು ದನಿ: "ಇವರಿಗೆ ಮುತ್ತಿನಂಥ ಮೂವರು ಗಂಡುಮಕ್ಕಳು." ನನಗೆ ಕಳಿಸಿದ ಕಾಗದದಲ್ಲಿ "ಮುತ್ತಿನಂಥ ಮಕ್ಕಳು" ಅಂತಿತ್ತು. ಇನ್ಯಾರದೋ ಮನೆಗೆ ಓದಿಟ್ಟಿದ್ದ ಧ್ವನಿಯನ್ನೇ ನಮಗೂ ಅಂಟಿಸಿದ್ದಾರೆ. ಎಪ್ಪತ್ತು ಜನರ ಮುಂದೆ, ಅದನ್ನ ಮಾಡಿಸಿದ ಮಗಳೇ ಲೆಕ್ಕಕ್ಕಿಲ್ಲ! ಅತ್ತೆ ಒಬ್ಬರು ಕಿಸಕ್ ಅಂತ ನಕ್ಕರು. ಅಪ್ಪ ಪಾಪ "ಚೆನ್ನಾಗಿದೆ ಕಣಮ್ಮ" ಅಂದ್ರು. ಅವರು ಹಾಗೆ ಅಂದಿದ್ದೇ ನನಗೆ ಜಾಸ್ತಿ ಚುಚ್ಚಿತು.

ಸಂಜೆ ಫೋನ್ ಮಾಡಿದೆ. ಗಂಡುಮಕ್ಕಳ ವಿಷಯಕ್ಕೆ: "ಮಕ್ಕಳು ಅಂದ್ರೆ ಮಕ್ಕಳೇ ಅಲ್ವಾ ಮೇಡಂ." ಹುಡುಗನ ಮಾತು ಅರ್ಧಕ್ಕೆ ಕತ್ತರಿಸಿದ್ದಕ್ಕೆ: "ಹದಿನೈದು ಸೆಕೆಂಡ್ ಮೇಲೆ ಜನಕ್ಕೆ ಬೋರ್ ಆಗುತ್ತೆ." ಹಂಗಾದ್ರೆ ಹಿನ್ನೆಲೆ ದನಿ? ವಿಡಿಯೋ 6 ನಿಮಿಷ 20 ಸೆಕೆಂಡ್, ಅದರಲ್ಲಿ ನಮ್ಮ ಮಕ್ಕಳು ಮಾತಾಡಿದ್ದು 165 ಸೆಕೆಂಡ್, ಮೂರು ನಿಮಿಷಾನೂ ಇಲ್ಲ. ಉಳಿದದ್ದೆಲ್ಲ ಆದರ್ಶ ದಂಪತಿ! "ಸ್ಕ್ರಿಪ್ಟ್ ಅಪ್ರೂವ್ ಮಾಡಿದ್ದು ನೀವೇ." ಕೊನೆಗೆ ನಾನು ಕೂಗಿದೆ, ಒಂದಾದ್ರೂ ಪೂರ್ತಿ ಕೇಳಿದ್ರೇನ್ರೀ ಅಂತ. ಅವನು ತಣ್ಣಗೆ ಅಂದ: "47 ನಿಮಿಷ ಯಾರು ಕೇಳ್ತಾರೆ ಮೇಡಂ?"

ಕೇಳ್ತೀನಿ ಅಂತಲೇ ಅಲ್ವೇನಯ್ಯ ದುಡ್ಡು ಇಸ್ಕೊಂಡಿದ್ದು?

ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳ ಹಳೇ ನೋಟ್‌ಬುಕ್ ತಗೊಂಡು ಒಬ್ಬೊಬ್ಬರದೇ ಹಾಕಿ, ಎಷ್ಟನೇ ನಿಮಿಷದಲ್ಲಿ ಏನಂದ್ರು ಅಂತ ಬರೆಯುತ್ತಾ ಹೋದೆ. ಎರಡೂವರೆ ಗಂಟೆ ಹಿಡೀತು. ಅಣ್ಣ 2:10ಕ್ಕೆ ಹೇಳ್ತಾನೆ: ಅಮ್ಮ ಮೂವತ್ತು ದಾಟಿದ ಮೇಲೆ ಸೈಕಲ್ ಕಲಿತಿದ್ದು, ಸ್ಕೂಲ್ ಮೈದಾನದಲ್ಲಿ ಸಂಜೆ ಅಪ್ಪ ಸೀಟು ಹಿಡ್ಕೊಂಡು ಓಡ್ತಿದ್ರು, "ಕೆಳಗೆ ನೋಡ್ಬೇಡ, ಮುಂದೆ ನೋಡು" ಅಂತ. ನನ್ನ ಮಗಳು 1:35ಕ್ಕೆ: "ಅಜ್ಜಿ ನಂಗೆ ಸೈಕಲ್ ಕಲಿಸಿದ್ರು, ಮುಂದೆ ನೋಡು ಮುಂದೆ ನೋಡು ಅಂತ ಕಿರುಚ್ತಿದ್ರು." ಆ ಹುಡುಗನ ಕತ್ತರಿಸಿದ ವಾಕ್ಯ: "ಅಜ್ಜಿ ನಂಗೆ ಫೋನಲ್ಲಿ ಸೈಕಲ್ ಕಲಿಸಿದ್ರು. ಫೋನ್ ಅಪ್ಪನ ಕೈಲಿತ್ತು. ಅಪ್ಪ ನನ್ ಹಿಂದೆ ಓಡ್ತಿದ್ರು."

ಮೂರು ಊರಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ಮಾತು ಹೇಳಿದ್ದಾರೆ. ಆ ಮೂರನ್ನ ಒಂದರ ಪಕ್ಕ ಒಂದು ಇಟ್ಟಿದ್ರೆ ಸಾಕಿತ್ತು, ಯಾವ ಹಿನ್ನೆಲೆ ದನಿಯೂ ಬೇಕಿರಲಿಲ್ಲ. ಮೂರೂ ಸೇರಿ ಒಂದೂವರೆ ನಿಮಿಷ. ಸ್ಕ್ರಿಪ್ಟ್ ಕಟ್ಟೋದು ಅಂದ್ರೆ ಇದು! ಅವನಿಗೆ ಗೊತ್ತಿಲ್ಲ ಅಂತಲ್ಲ, ಕೇಳಲಿಲ್ಲ ಅಷ್ಟೇ.

ಹಾಗಾಗಿ, ಕೊಟ್ಟೇ ಕೊಡ್ತೀರಾದ್ರೆ, ಮುಂಗಡ ಅರ್ಧ ದಾಟಿಸಬೇಡಿ. ಸ್ಕ್ರಿಪ್ಟ್ ಬಂದಾಗ ಚಂದದ ಸಾಲು ಓದಬೇಡಿ, ಸಮಯದ ಅಂಕಿ ನೋಡಿ. ಎಲ್ಲಾ 00:00 ಇದ್ರೆ ಯಾರೂ ಕೇಳಿಲ್ಲ. "ನಮ್ಮ ನಾಲ್ಕನೇ ಕ್ಲಿಪ್‌ನಲ್ಲಿ ಏನು ಹೇಳಿದ್ದಾರೆ?" ಅಂತ ಫೋನಲ್ಲೇ ಕೇಳಿ, ತಡವರಿಸಿದ್ರೆ ಅಲ್ಲೇ ಬಿಡಿ. ಪೂರ್ತಿ ವಿಡಿಯೋ ಎರಡು ದಿನ ಮುಂಚೆ ಕೈಗೆ ಬರದಿದ್ರೆ ಪರದೆಗೆ ಹಾಕಲೇಬೇಡಿ, ಬರೀ ಊಟ ಹಾಕಿ ಕಳಿಸಿ.

ಇನ್ನೂ ಇದೆ ಕೇಳಿ. ನಿನ್ನೆ ನನ್ನ ಸ್ನೇಹಿತೆ ಫೋನ್ ಮಾಡಿ, "ನಿಮ್ಮಪ್ಪ-ಅಮ್ಮನ ವಿಡಿಯೋ ಅವನ ಸ್ಟೇಟಸ್‌ನಲ್ಲಿದೆ" ಅಂದಳು. ನೋಡಿದ್ರೆ ಸ್ಯಾಂಪಲ್ ಅಂತ ಹಾಕಿಕೊಂಡಿದ್ದಾನೆ, ಮೂವರು ಗಂಡುಮಕ್ಕಳ ಸಮೇತ. ನಮ್ಮನೇ ಮಕ್ಕಳ ಮುಖ ಅದರಲ್ಲಿ, ತೆಗೀರಿ ಅಂತ ಮೆಸೇಜ್ ಮಾಡಿದೆ.

ಬಂದ ಉತ್ತರ: "ಒಳ್ಳೆ ರೆಸ್ಪಾನ್ಸ್ ಬರ್ತಿದೆ ಮೇಡಂ, ಒಂದು ವಾರ ಇರ್ಲಿ."