ಎಚ್ಚರಿಕೆ: ಕೇಸಿನ ನಂಬರ್ ನೋಡಿ ಪಾಕೆಟ್ ವಾಚಿನ ವರ್ಷ ಹೇಳಿದರೆ ಒಪ್ಪಬೇಡಿ

ಕಳೆದ ವರ್ಷ ನಾನು ಒಂದು ಬೆಳ್ಳಿಯ ಪಾಕೆಟ್ ವಾಚನ್ನು 1877ರದ್ದೆಂದು ನಂಬಿ ಕೊಂಡೆ. ಅದರ ಕೇಸು, ಅಂದರೆ ಹೊರಕವಚ, 1902ರದ್ದು ಮತ್ತು ಒಳಗಿನ ಯಂತ್ರ 1920ರ ಸುಮಾರಿನದ್ದು ಎಂಬುದು ಕೈಗೆ ಬಂದ ಮೂರು ವಾರಗಳ ನಂತರ ತಿಳಿಯಿತು. ಅಷ್ಟರಲ್ಲಿ ಹಿಂದಿರುಗಿಸುವ ಅವಧಿ ಮುಗಿದಿತ್ತು. ಮಾರಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅವರು ಬೇಕೆಂದೇ ಮೋಸ ಮಾಡಿದರೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಅವರು ಎರಡು ತಪ್ಪುಗಳನ್ನು ಮಾಡಿದ್ದರು. ಆ ಎರಡು ತಪ್ಪುಗಳು ಒಂದಕ್ಕೊಂದು ಹೊಂದಿಕೊಂಡು ಸಾಕ್ಷ್ಯದಂತೆ ಕಂಡದ್ದರಿಂದ ಅವರೂ ನಂಬಿದ್ದರು, ನಾನೂ ನಂಬಿದೆ.

ವಾಚು ಅಮೆರಿಕದ ವಾಲ್ತಮ್ ಕಂಪನಿಯದ್ದು. ಮಾರಾಟದ ವಿವರಣೆಯಲ್ಲಿ ಎರಡು ಆಧಾರಗಳಿದ್ದವು. ಕೇಸಿನ ಹಿಂಬದಿಯ ಮುಚ್ಚಳದ ಒಳಗೆ ಹತ್ತು ಲಕ್ಷಕ್ಕಿಂತ ಸ್ವಲ್ಪ ಹೆಚ್ಚಿನ ಒಂದು ಸಂಖ್ಯೆಯನ್ನು ಒತ್ತಲಾಗಿದ್ದು, ವಾಲ್ತಮ್ ಕ್ರಮಸಂಖ್ಯೆಗಳ ಪಟ್ಟಿಯಲ್ಲಿ ಹತ್ತು ಲಕ್ಷದ ಗಡಿ ಬರುವುದು 1877ರಲ್ಲಿ ಎಂಬುದು ಮೊದಲನೆಯದು. ಅದೇ ಮುಚ್ಚಳದಲ್ಲಿ ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸುವ ಬರ್ಮಿಂಗ್‌ಹ್ಯಾಮ್ ಕಚೇರಿಯ ಲಂಗರಿನ ಗುರುತು, ಸ್ಟರ್ಲಿಂಗ್ ಬೆಳ್ಳಿಯನ್ನು ಸೂಚಿಸುವ ನಡೆಯುವ ಸಿಂಹ ಮತ್ತು ‘ಸಿ’ ಎಂಬ ವರ್ಷಾಕ್ಷರ ಇದ್ದು, ಬರ್ಮಿಂಗ್‌ಹ್ಯಾಮಿನಲ್ಲಿ ‘ಸಿ’ ಎಂದರೆ 1877 ಎಂಬುದು ಎರಡನೆಯದು. ಇವೆರಡೂ ಒಂದೇ ವರ್ಷಕ್ಕೆ ಬಂದು ನಿಂತಾಗ ಯಾರಿಗೆ ತಾನೇ ಸಂಶಯ ಬಂದೀತು?

ಮೊದಲನೆಯ ತಪ್ಪು ಅತ್ಯಂತ ಸಾಮಾನ್ಯವಾದದ್ದು. ಆ ಕಾಲದ ಅಮೆರಿಕದ ವಾಚು ಕಂಪನಿಗಳು ಬಹುಮಟ್ಟಿಗೆ ಯಂತ್ರವನ್ನಷ್ಟೇ ತಯಾರಿಸುತ್ತಿದ್ದವು, ಕೇಸುಗಳನ್ನು ಬೇರೆ ಕಂಪನಿಗಳು ತಯಾರಿಸುತ್ತಿದ್ದವು. ಯಂತ್ರಗಳ ಅಳತೆ ನಿಗದಿಯಾಗಿದ್ದುದರಿಂದ ಗಿರಾಕಿಯು ಅಂಗಡಿಯಲ್ಲಿ ತನಗೆ ಬೇಕಾದ ಯಂತ್ರವನ್ನೂ ತನ್ನ ಶಕ್ತಿಗೆ ತಕ್ಕ ಕೇಸನ್ನೂ ಆರಿಸಿಕೊಂಡರೆ ಅಂಗಡಿಯವನು ಎರಡನ್ನೂ ಕೂಡಿಸಿ ಕೊಡುತ್ತಿದ್ದ. ಇಂಗ್ಲೆಂಡಿಗೆ ರಫ್ತಾದ ವಾಲ್ತಮ್ ಯಂತ್ರಗಳಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಏರನ್ ಡೆನಿಸನ್ ಸ್ಥಾಪಿಸಿದ ಕಾರ್ಖಾನೆ ದೊಡ್ಡ ಪ್ರಮಾಣದಲ್ಲಿ ಕೇಸು ಮಾಡಿಕೊಡುತ್ತಿತ್ತು. ನನ್ನ ವಾಚಿನ ಕೇಸು ಅಲ್ಲಿಯದೇ. ಆದ್ದರಿಂದ ಕೇಸಿನ ಮೇಲಿನ ಸಂಖ್ಯೆಯು ಕೇಸು ಮಾಡಿದವರ ಲೆಕ್ಕಕ್ಕೆ ಸೇರಿದ್ದು, ವಾಲ್ತಮ್ ಪಟ್ಟಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆ ಸಂಖ್ಯೆಯಿಂದ ತಿಳಿಯುವುದು ಒಂದೇ ಸಂಗತಿ: ಹಿಂಬದಿಯ ಮುಚ್ಚಳ ಮತ್ತು ಒಳಮುಚ್ಚಳ ಎರಡರಲ್ಲೂ ಅದೇ ಸಂಖ್ಯೆ ಇದ್ದರೆ ಆ ಎರಡು ಭಾಗಗಳು ಮೊದಲಿನಿಂದಲೂ ಜೊತೆಗಿವೆ. ಕೇಸಿನ ಸಂಖ್ಯೆಯನ್ನು ಯಂತ್ರದ ಪಟ್ಟಿಯಲ್ಲಿ ಹುಡುಕಿದರೂ ಏನೋ ಒಂದು ವರ್ಷ ಸಿಕ್ಕೇ ಸಿಗುತ್ತದೆ, ಏಕೆಂದರೆ ಒಂದರಿಂದ ಕೋಟಿಗಳವರೆಗಿನ ಯಾವ ಸಂಖ್ಯೆಗಾದರೂ ಪಟ್ಟಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ.

ಎರಡನೆಯ ತಪ್ಪು ಸ್ವಲ್ಪ ಸೂಕ್ಷ್ಮವಾದದ್ದು. ಬರ್ಮಿಂಗ್‌ಹ್ಯಾಮಿನ ವರ್ಷಾಕ್ಷರಗಳು ಆ ಕಾಲದಲ್ಲಿ ಇಪ್ಪತ್ತೈದು ವರ್ಷಗಳಿಗೊಮ್ಮೆ ‘ಎ’ಯಿಂದ ಮತ್ತೆ ಶುರುವಾಗುತ್ತಿದ್ದವು. 1875ರಲ್ಲಿ ಒಂದು ಸುತ್ತು, 1900ರಲ್ಲಿ ಇನ್ನೊಂದು, 1925ರಲ್ಲಿ ಮತ್ತೊಂದು. ಹೀಗಾಗಿ ‘ಸಿ’ ಎಂಬ ಅಕ್ಷರ 1877ಕ್ಕೂ 1902ಕ್ಕೂ 1927ಕ್ಕೂ ಬರುತ್ತದೆ. ಯಾವ ಸುತ್ತು ಎಂಬುದನ್ನು ಅಕ್ಷರದ ಆಕಾರವೇ ಹೇಳಬೇಕು. 1875ರ ಸುತ್ತಿನ ಅಕ್ಷರಗಳು ಮೊನಚು ಮೂಲೆಗಳ ಗೋಥಿಕ್ ಶೈಲಿಯವು, 1900ರ ಸುತ್ತಿನವು ಸಾಮಾನ್ಯ ಪುಸ್ತಕದಲ್ಲಿ ಕಾಣುವಂತಹ ದುಂಡನೆಯ ಸಣ್ಣ ಅಕ್ಷರಗಳು, 1925ರ ಸುತ್ತಿನವು ದೊಡ್ಡಕ್ಷರಗಳು. ನನ್ನ ಕೇಸಿನ ‘ಸಿ’ಯನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದಾಗ ಅದರ ಬೆನ್ನು ಎಲ್ಲಿಯೂ ಮುರಿಯದೆ ನುಣುಪಾಗಿ ಬಾಗಿತ್ತು. ಗೋಥಿಕ್ ‘ಸಿ’ಯಾಗಿದ್ದರೆ ಅಲ್ಲಿ ಕೋನಗಳು ಕಾಣಬೇಕಿತ್ತು. ಅಂದರೆ ಅದು 1902ರ ಅಕ್ಷರ. ಅಕ್ಷರ ಬದಲಾಗುತ್ತಿದ್ದುದು ವರ್ಷದ ಮಧ್ಯದಲ್ಲಾದ್ದರಿಂದ, ಸರಿಯಾಗಿ ಹೇಳಬೇಕೆಂದರೆ 1902ರ ಮಧ್ಯದಿಂದ 1903ರ ಮಧ್ಯದವರೆಗಿನದ್ದು. ಮಾರಿದವರು ಅಕ್ಷರವನ್ನು ಓದಿದ್ದರು, ಆದರೆ ಸಂಖ್ಯೆಯಿಂದ 1877 ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದರಿಂದ ಅದಕ್ಕೆ ಹೊಂದುವ ಸುತ್ತನ್ನು ಆರಿಸಿಕೊಂಡಿದ್ದರು. ನಾನು ಎರಡು ಸಾಕ್ಷ್ಯವೆಂದು ತಿಳಿದದ್ದು ನಿಜವಾಗಿ ಒಂದೇ ತಪ್ಪಿನ ನೆರಳಾಗಿತ್ತು.

ಇಲ್ಲಿ ಒಂದು ಪಕ್ಕದ ಮಾತು. ವಿಷಯ ತಿಳಿದವರೆಂದು ಹೆಸರಾದ ಒಬ್ಬರು, ಬ್ರಿಟಿಷ್ ಬೆಳ್ಳಿಯ ಮೇಲೆ 1890ರವರೆಗೆ ಸುಂಕದ ಗುರುತಾಗಿ ರಾಣಿಯ ತಲೆ ಇರುತ್ತಿತ್ತು, ನಿಮ್ಮ ಕೇಸಿನಲ್ಲಿ ಅದು ಇಲ್ಲ, ಆದ್ದರಿಂದ 1877 ಆಗಲು ಸಾಧ್ಯವೇ ಇಲ್ಲ ಎಂದು ನನಗೆ ವಿವರಿಸಿದರು. ತೀರ್ಮಾನ ಸರಿ, ಕಾರಣ ತಪ್ಪು. ವಾಚಿನ ಕೇಸುಗಳಿಗೆ 1798ರಿಂದಲೇ ಆ ಸುಂಕದ ವಿನಾಯಿತಿ ಇತ್ತು, ಹಾಗಾಗಿ ನಿಜವಾದ 1877ರ ಕೇಸಿನಲ್ಲೂ ತಲೆ ಇರುವುದಿಲ್ಲ. ಚಮಚ ತಟ್ಟೆಗಳ ನಿಯಮವನ್ನು ವಾಚಿಗೆ ಹಚ್ಚಿದರೆ ಒಳ್ಳೆಯ ವಾಚುಗಳೂ ಸುಳ್ಳೆನಿಸಿಬಿಡುತ್ತವೆ.

ಇನ್ನು ಯಂತ್ರದ ವಿಷಯ. ಒಳಮುಚ್ಚಳವನ್ನು ತೆರೆದೊಡನೆ ಕಾಣುವ ಲೋಹದ ಫಲಕದ ಮೇಲೆ ಕಂಪನಿಯ ಹೆಸರೂ ಕ್ರಮಸಂಖ್ಯೆಯೂ ಕೆತ್ತಿರುತ್ತವೆ. ಮಾರಾಟದ ಚಿತ್ರಗಳಲ್ಲಿ ಡಯಲ್ ಇತ್ತು, ಹಿಂಬದಿ ಇತ್ತು, ಗುರುತುಗಳಿದ್ದವು, ಯಂತ್ರದ ಚಿತ್ರ ಮಾತ್ರ ದೂರದಿಂದ ತೆಗೆದದ್ದಾಗಿ ಅಂಕಿಗಳು ಕಾಣುತ್ತಿರಲಿಲ್ಲ. ನಾನು ಕೇಳಬೇಕಿತ್ತು, ಕೇಳಲಿಲ್ಲ. ಕೈಗೆ ಬಂದ ಮೇಲೂ ಮೂರು ವಾರ ಒಳಮುಚ್ಚಳ ತೆರೆಯಲಿಲ್ಲ. ಅಂಚಿಗೆ ಚಾಕು ಹಾಕಿ ಬೆಳ್ಳಿಯ ಮೇಲೆ ಗೀರು ಎಬ್ಬಿಸಿದವರನ್ನು ನೋಡಿದ್ದೆನಾದ್ದರಿಂದ ಸರಿಯಾದ ಸಾಧನ ಸಿಗುವವರೆಗೆ ಕಾದೆ. ತೆರೆದಾಗ ಕಂಡ ಸಂಖ್ಯೆ 2 ಕೋಟಿ 34 ಲಕ್ಷದಿಂದ ಶುರುವಾಗುತ್ತಿತ್ತು. ವಾಲ್ತಮ್ ಪಟ್ಟಿಯ ಪ್ರಕಾರ ಅದು 1920ರ ಸುಮಾರು. ಪಟ್ಟಿ ನೋಡುವ ಮೊದಲೇ ಫಲಕದ ಮೇಲಿನ ಹೆಸರೂ ಅನುಮಾನ ಹುಟ್ಟಿಸಿತ್ತು. ಅಲ್ಲಿ ‘ವಾಲ್ತಮ್ ವಾಚ್ ಕಂಪನಿ’ ಎಂದಿತ್ತು. 1877ರಲ್ಲಿ ಕಂಪನಿಯ ಹೆಸರು ‘ಅಮೆರಿಕನ್ ವಾಚ್ ಕಂಪನಿ’, 1885ರಿಂದ ‘ಅಮೆರಿಕನ್ ವಾಲ್ತಮ್ ವಾಚ್ ಕಂಪನಿ’. ‘ಅಮೆರಿಕನ್’ ಎಂಬ ಮಾತು ಬಿಟ್ಟುಹೋದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ.

ಪಟ್ಟಿ ಕೊಡುವ ವರ್ಷವನ್ನು ನಾನು ‘ಸುಮಾರು’ ಎಂದು ಬರೆಯುವುದಕ್ಕೆ ಕಾರಣವಿದೆ. ಕಾರ್ಖಾನೆಯಲ್ಲಿ ಸಂಖ್ಯೆಗಳನ್ನು ಒಂದೊಂದಾಗಿ ಅಲ್ಲ, ಒಂದೊಂದು ಮಾದರಿಗೆ ಗುಂಪುಗುಂಪಾಗಿ ಮೊದಲೇ ಮೀಸಲಿಡುತ್ತಿದ್ದರು. ಆ ಗುಂಪಿನ ಯಂತ್ರಗಳೆಲ್ಲ ಅದೇ ವರ್ಷ ಮುಗಿಯುತ್ತಿದ್ದವೆಂದೇನೂ ಇಲ್ಲ, ಮುಗಿದವೂ ಅಂಗಡಿಯ ಪೆಟ್ಟಿಗೆಯಲ್ಲಿ ಕೆಲಕಾಲ ಕೂರುತ್ತಿದ್ದವು. ಆದ್ದರಿಂದ ಯಂತ್ರಕ್ಕಿಂತ ಕೇಸು ಒಂದೆರಡು ವರ್ಷ ಈಚಿನದಾದರೆ ಅದು ದೋಷವೇ ಅಲ್ಲ. ಆದರೆ ಕೇಸೇ ಹದಿನೆಂಟು ವರ್ಷ ಹಳೆಯದಾಗಿ, ಯಂತ್ರ ಹೊಸದಾಗಿದ್ದರೆ ಅದಕ್ಕೆ ಬೇರೆ ವಿವರಣೆ ಬೇಕು. ಹಾಲ್‌ಮಾರ್ಕ್ ಆದ ಬೆಳ್ಳಿಯ ಕೇಸು ಅಷ್ಟು ಕಾಲ ಖಾಲಿಯಾಗಿ ಕಾದಿತ್ತೆಂದು ವಾದಿಸಬಹುದು, ಮಾರಿದವರು ನನಗೆ ಬರೆದ ಉತ್ತರದಲ್ಲಿ ಹಾಗೆಯೇ ವಾದಿಸಿದರು ಕೂಡ.

ಆ ವಾದವನ್ನು ಕೇಸೇ ತಳ್ಳಿಹಾಕಿತು. ಇಂಥ ವಾಚುಗಳಲ್ಲಿ ಯಂತ್ರವನ್ನು ಕೇಸಿಗೆ ಹಿಡಿದಿಡುವುದು ಅಂಚಿನ ಎರಡು ಸಣ್ಣ ತಿರುಪುಗಳು. ಅವುಗಳ ತಲೆ ಕೇಸಿನ ಒಳಅಂಚಿನ ಮೇಲೆ ಒತ್ತಿ ಕೂರುವುದರಿಂದ ಮೆತ್ತನೆಯ ಬೆಳ್ಳಿಯಲ್ಲಿ ಉಗುರಿನ ತುದಿಯಂತಹ ಅರ್ಧಚಂದ್ರದ ಗುರುತು ಉಳಿಯುತ್ತದೆ. ಕೀಲಿ ಕೊಡುವ ದಂಡ ಕೇಸಿನ ಕತ್ತಿನ ಮೂಲಕ ಹಾಯುವುದರಿಂದ ಯಂತ್ರವನ್ನು ಬೇರೆ ದಿಕ್ಕಿಗೆ ತಿರುಗಿಸಿ ಕೂರಿಸಲು ಆಗುವುದಿಲ್ಲ. ಒಂದು ಯಂತ್ರವನ್ನು ಎಷ್ಟು ಬಾರಿ ಬಿಚ್ಚಿ ಕೂಡಿಸಿದರೂ ಗುರುತು ಬೀಳುವುದು ಅದೇ ಎರಡು ಜಾಗಗಳಲ್ಲಿ. ನನ್ನ ಕೇಸಿನಲ್ಲಿ ಅಂತಹ ಗುರುತುಗಳು ನಾಲ್ಕಿವೆ. ಎರಡು ಈಗಿನ ತಿರುಪುಗಳ ಕೆಳಗೆ, ತೆಳುವಾಗಿ. ಇನ್ನೆರಡು ಅಲ್ಲಿಂದ ಬೆರಳಗಲ ದೂರದಲ್ಲಿ, ಹೆಚ್ಚು ಆಳವಾಗಿ ಮತ್ತು ಕಪ್ಪಾಗಿ. ಅದಲ್ಲದೆ ಹಿಂಬದಿಯ ಮುಚ್ಚಳದ ಒಳಗೆ ರಿಪೇರಿಯವರು ಸೂಜಿಯಿಂದ ಗೀಚಿದ ಟಿಪ್ಪಣಿಗಳಿದ್ದವು. ಬರಿಗಣ್ಣಿಗೆ ಕೂದಲೆಳೆಯಂತೆ ಕಾಣುವ ಇವುಗಳಲ್ಲಿ ಹೆಚ್ಚಿನವು ಅವರವರ ಲೆಕ್ಕದ ಸಂಖ್ಯೆಗಳು, ನಮಗೆ ಅರ್ಥವಾಗುವಂಥವಲ್ಲ. ಆದರೆ ಮುಚ್ಚಳವನ್ನು ದೀಪಕ್ಕೆ ಓರೆಯಾಗಿ ಹಿಡಿದಾಗ ಒಂದರಲ್ಲಿ ತಿಂಗಳಿನ ಜೊತೆಗೆ 1911 ಎಂದು ಪೂರ್ತಿ ವರ್ಷವೇ ಸ್ಪಷ್ಟವಾಗಿ ಓದಿಸಿತು. 1911ರಲ್ಲಿ ಈ ಕೇಸಿನೊಳಗಿದ್ದ ಯಾವುದೋ ಯಂತ್ರ ರಿಪೇರಿಯಾಗಿತ್ತು, ಈಗಿರುವ ಯಂತ್ರ ಆಗ ಹುಟ್ಟಿಯೇ ಇರಲಿಲ್ಲ.

ನೀವು ಕೊಳ್ಳುವ ಮೊದಲು ಮೂರು ಚಿತ್ರಗಳನ್ನು ಕೇಳಿ ಪಡೆಯಿರಿ: ಯಂತ್ರದ ಮೇಲಿನ ಕ್ರಮಸಂಖ್ಯೆ ಮತ್ತು ಹೆಸರು ಓದಲು ಬರುವಷ್ಟು ಹತ್ತಿರದಿಂದ ಒಂದು, ವರ್ಷಾಕ್ಷರದ್ದೊಂದು, ತಿರುಪಿನ ತಲೆಗಳ ಸುತ್ತಲಿನ ಕೇಸಿನ ಅಂಚಿನದ್ದೊಂದು. ಯಂತ್ರದ ವರ್ಷವನ್ನು ಒಂದು ಹಾಳೆಯಲ್ಲಿ, ಕೇಸಿನ ವರ್ಷವನ್ನು ಇನ್ನೊಂದರಲ್ಲಿ ಬರೆಯಿರಿ. ಒಂದನ್ನು ಬರೆಯುವಾಗ ಇನ್ನೊಂದು ನಿಮ್ಮ ಕಣ್ಣ ಮುಂದೆ ಇರಬಾರದು. ಕೇಸಿನಲ್ಲಿ ‘20 ವರ್ಷ ಗ್ಯಾರಂಟಿ’ ಎಂಬ ಬರಹ ಕಂಡರೆ ಅದು ಮೇಲಿನ ಚಿನ್ನದ ಪದರ ಸವೆಯದೆ ಬಾಳುವ ಅವಧಿ, ಪೇಟೆಂಟ್ ದಿನಾಂಕ ಕಂಡರೆ ಆ ಕೇಸು ಅದಕ್ಕಿಂತ ಹಳೆಯದಲ್ಲ ಎಂಬಷ್ಟೇ ಅರ್ಥ. ಯಂತ್ರದ ಚಿತ್ರ ಕೊಡಲು ‘ಮುಚ್ಚಳ ಬಿಗಿಯಾಗಿದೆ’ ಎಂಬ ಕಾರಣ ಹೇಳುವವರಿಂದ ನಾನಂತೂ ಇನ್ನು ಕೊಳ್ಳುವುದಿಲ್ಲ.

ವಾಚು ಚೆನ್ನಾಗಿಯೇ ನಡೆಯುತ್ತಿದೆ. ಅದರ ಪೆಟ್ಟಿಗೆಯಲ್ಲಿದ್ದ ‘1877, ಮೂಲ ಸ್ಥಿತಿಯಲ್ಲಿ’ ಎಂಬ ಚೀಟಿಯನ್ನು ತೆಗೆದು, ಕೇಸು 1902–03, ಯಂತ್ರ 1920ರ ಸುಮಾರು, ಕೇಸಿನ ಮೊದಲ ಯಂತ್ರ ಇಲ್ಲ ಎಂದು ಬರೆದ ಚೀಟಿಯನ್ನು ಇಟ್ಟಿದ್ದೇನೆ.